ಪದಚರ್ಚೆ: ‘ಗ್ಲಾನ್ಸಿಂಗ್ ಕೊಲಿಷನ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಒಂದು ಲೆಕ್ಕ ಬರೆಯುತ್ತಿದ್ದೇನೆ. ಕೇರಂ ಬೋರ್ಡಿನಲ್ಲಿ ಒಂದು ಕಾಯಿನ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು, ನಿಂತಿರುವ ಇನ್ನೊಂದರ ಅಂಚಿಗೆ ತಗಲುತ್ತದೆ. ಎರಡರ ತೂಕವೂ ಒಂದೇ, ಅಡ್ಡಳತೆ 3 ಸೆಂ.ಮೀ. ಬರುವ ಕಾಯಿನ್ನಿನ ದಾರಿಯಿಂದ ನಿಂತದ್ದರ ನಡು 2.4 ಸೆಂ.ಮೀ. ಪಕ್ಕಕ್ಕಿದೆ. ತಗಲಿದ ಮೇಲೆ ಎರಡೂ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತವೆ ಅನ್ನುವುದು ಪ್ರಶ್ನೆ. ಇಂಥ ಡಿಕ್ಕಿಗೆ ‘ಓರೆ ಡಿಕ್ಕಿ’ ಅಂದರೆ ಸಾಕಾ?

---

ಗ್ಲಾನ್ಸ್ ಅಂದರೆ ನೋಟ ಅಲ್ವಾ ಮೇಡಂ? ‘ಕಿರುನೋಟದ ಡಿಕ್ಕಿ’ ಹೇಗೆ?

---

ನೋಟ ಇಲ್ಲಿ ಬೇಡ ಸಾರ್. ಹೋದ ತಿಂಗಳು ಒಂದು ಬಸ್ಸು ನನ್ನ ಸ್ಕೂಟರಿನ ಕನ್ನಡಿಯನ್ನು ಉಜ್ಜಿಕೊಂಡು ಹೋಯ್ತು. ನೋಡಿದವರು ‘ಸವರಿಕೊಂಡು ಹೋಯ್ತು’ ಅಂದರು. ಯಾರೂ ‘ಓರೆ’ ಅನ್ನಲಿಲ್ಲ. ಕನ್ನಡಿಗೆ 400 ರೂಪಾಯಿ ಆಯ್ತು, ಅದು ಬೇರೆ ಮಾತು.

---

‘ಸವರು ಡಿಕ್ಕಿ’ ಚೆನ್ನಾಗಿದೆ. ‘ಓರೆ’ ಅನ್ನುವುದು ನಡುವಿಗೆ ತಾಗದ ಎಲ್ಲ ಡಿಕ್ಕಿಗೂ ಸಲ್ಲುತ್ತದೆ. ಇಲ್ಲಿ 3ಕ್ಕೆ 2.4 ಪಕ್ಕ ಸರಿದಿದೆ, ಅಂದರೆ ಅಂಚಿನ ಹತ್ತಿರ. ಲೆಕ್ಕದ ಉತ್ತರವೂ ಸುಲಭ. ಎರಡು ಕಾಯಿನ್ ಯಾವಾಗಲೂ 90 ಡಿಗ್ರಿ ಬಿಟ್ಟು ಹೋಗುತ್ತವೆ.

---

‘ಯಾವಾಗಲೂ’ ಅನ್ನಬೇಡಿ. ತೂಕ ಒಂದೇ ಇದ್ದು, ಒಂದು ಮೊದಲು ನಿಂತಿದ್ದು, ಡಿಕ್ಕಿಯಲ್ಲಿ ಶಕ್ತಿ ಕಳೆಯದಿದ್ದರೆ ಮಾತ್ರ 90. ಸ್ಟ್ರೈಕರ್ ಬಂದು ಹೊಡೆದರೆ ಇಲ್ಲ, ಅದು ಕಾಯಿನ್ನಿಗಿಂತ ಜಾಸ್ತಿ ತೂಕ.

ಮೊದಲು ಶಕ್ತಿ ಕಳೆಯದ ಲೆಕ್ಕ ನೋಡಿ. ತಾಗುವಾಗ ಎರಡೂ ನಡುಗಳನ್ನು ಸೇರಿಸುವ ಗೆರೆಯಲ್ಲೇ ತಳ್ಳು ಇರುತ್ತದೆ. ಆ ಗೆರೆ ಬಂದ ದಾರಿಗೆ ಸುಮಾರು 53 ಡಿಗ್ರಿ ಓರೆ. ಬಂದ ವೇಗದಲ್ಲಿ ಗೆರೆಯುದ್ದಕ್ಕೆ ಇರುವ 1.2 ಪೂರ್ತಿ ನಿಂತದ್ದಕ್ಕೆ ಹೋಗುತ್ತದೆ. ಗೆರೆಗೆ ಅಡ್ಡ ಇರುವ 1.6 ಬಂದದ್ದರಲ್ಲೇ ಉಳಿಯುತ್ತದೆ, ಅದು ಇನ್ನೊಂದು ಬದಿಗೆ 37 ಡಿಗ್ರಿಯಲ್ಲಿ ಹೋಗುತ್ತದೆ. ಈಗ ಸಂವೇಗ ತಾಳೆ ನೋಡೋಣ. ತೂಕ ಒಂದೇ ಆದ್ದರಿಂದ ವೇಗ ಕೂಡಿದರೆ ಸಾಕು. ಬಂದ ದಾರಿಯುದ್ದಕ್ಕೆ 0.72 ಮತ್ತು 1.28, ಕೂಡಿದರೆ 2. ಅಡ್ಡಕ್ಕೆ ಒಂದು ಕಡೆ 0.96, ಇನ್ನೊಂದು ಕಡೆಯೂ 0.96, ಕಳೆದು ಸೊನ್ನೆ.

ಇನ್ನು ಶಕ್ತಿ ಕಳೆಯುವ ಡಿಕ್ಕಿ. ಆ ಗೆರೆಯುದ್ದಕ್ಕೆ ಹತ್ತಿರ ಬಂದ ವೇಗದ ಅರ್ಧದಲ್ಲೇ ಎರಡೂ ಕಾಯಿನ್ ದೂರ ಸರಿಯುತ್ತವೆ ಅಂದುಕೊಳ್ಳಿ. ಗೆರೆಯುದ್ದಕ್ಕೆ ನಿಂತದ್ದಕ್ಕೆ 0.9 ಸಿಗುತ್ತದೆ, ಬಂದದ್ದರಲ್ಲಿ 0.3 ಉಳಿಯುತ್ತದೆ. ಅಡ್ಡದ 1.6 ಹಾಗೇ. ನಡುವಿನ ಕೋನ ಸುಮಾರು 79ಕ್ಕೆ ಇಳಿಯುತ್ತದೆ. ಆದರೂ ಸಂವೇಗ ಎರಡೂ ದಿಕ್ಕಿನಲ್ಲಿ ಮೊದಲಿನಷ್ಟೇ. ಮಕ್ಕಳು 90 ಡಿಗ್ರಿ ಬಾಯಿಪಾಠ ಮಾಡಿದರೆ ಇಲ್ಲಿ ಎಡವುತ್ತಾರೆ.

---

ತುಂಬ ಉಪಕಾರ. ‘ಸವರು ಡಿಕ್ಕಿ’ ಇಟ್ಟುಕೊಂಡೆ. ಆದರೆ ಈಗ ಇನ್ನೊಂದು ತಲೆನೋವು. 0.72, 0.96ಗಳನ್ನು ಪುಸ್ತಕಗಳು ಸಂವೇಗದ ‘ಘಟಕ’ ಅನ್ನುತ್ತವೆ. ನನ್ನ ಮಗಳು ‘ಘಟಕ ಅಂದ್ರೆ ನೀರು ಶುದ್ಧೀಕರಣ ಘಟಕ ಅಲ್ವಾ?’ ಅಂತ ಕೇಳಿದಳು. ‘ಪಾಲು’ ಅಂದರೆ ನಡೆಯುತ್ತಾ?

---

ಪಾಲು ಬೇಡ ಮೇಡಂ. ಪಾಲು ಅಂದರೆ ಎಲ್ಲ ಪಾಲು ಕೂಡಿದರೆ ಪೂರ್ತಿ ಬರಬೇಕು. ಇಲ್ಲಿ 0.72 ಮತ್ತು 0.96 ಸುಮ್ನೆ ಕೂಡಿದರೆ 1.68, ಆದರೆ ಆ ಕಾಯಿನ್ನಿನ ವೇಗ 1.2 ತಾನೆ?