ಸಹಾಯ ಬೇಕು: ಈ ಫೋಟೋದಲ್ಲಿರುವುದು ಸ್ಮಾರ್ಟ್ ಮೀಟರೇ?

ನಮಸ್ಕಾರ. ಮನೆಗಳ ಸಿಂಗಲ್ ಫೇಸ್ ಮೀಟರ್‌ಗಳ ಫೋಟೋಗಳನ್ನು ವಿಂಗಡಿಸುತ್ತಿದ್ದೇವೆ. ಹಳೆಯ ಅನಲಾಗ್ ಮೀಟರ್ ಕಷ್ಟವಿಲ್ಲ: ಗಾಜಿನ ಹಿಂದೆ ಅಡ್ಡ ಮಲಗಿದ ಅಲ್ಯುಮಿನಿಯಂ ತಟ್ಟೆ, ಅದರ ಅಂಚಿಗೆ ಕಪ್ಪು ಅಥವಾ ಕೆಂಪು ಗುರುತು, ಉರುಳುವ ಅಂಕಿಗಳು, ಫಲಕದ ಮೇಲೆ rev/kWh.

ತೊಡಕಾಗಿರುವುದು ಎಲ್‌ಸಿಡಿ ಇರುವ ಮೀಟರ್. ಎಲ್‌ಸಿಡಿ, ಮಿಣುಕುವ ಕೆಂಪು ದೀಪ, imp/kWh ಬರಹ ಸಾದಾ ಎಲೆಕ್ಟ್ರಾನಿಕ್ ಮೀಟರಿನಲ್ಲೂ ಇರುತ್ತವೆ. ಹಾಗಾಗಿ ಪರದೆ ಕಂಡ ಕೂಡಲೇ ಸ್ಮಾರ್ಟ್ ಎಂದು ಬರೆದರೆ ತಪ್ಪಾಗುತ್ತದೆ. ಟರ್ಮಿನಲ್ಲೂ ನೆರವಾಗದು. ನಮ್ಮಲ್ಲಿ ಸಾಮಾನ್ಯವಾಗಿ ಎಡದಿಂದ ಫೇಸ್ ಒಳಗೆ, ನ್ಯೂಟ್ರಲ್ ಒಳಗೆ, ನ್ಯೂಟ್ರಲ್ ಹೊರಗೆ, ಫೇಸ್ ಹೊರಗೆ ಎಂದು ನಾಲ್ಕೇ ತೂತು, ಮೂರು ಬಗೆಯಲ್ಲೂ. ಸ್ಮಾರ್ಟ್ ಮೀಟರಿನ ಸಂಪರ್ಕ ಕಡಿಯುವ ಸ್ವಿಚ್ ಒಳಗೇ ಇರುವುದರಿಂದ ಹೊರಗೆ ಕಾಣುವುದಿಲ್ಲ.

ನಂಬಬಹುದಾದ ಗುರುತು ಫಲಕದ ಮೇಲಿನ ಮಾನಕ ಸಂಖ್ಯೆ: IS 16444 ಇದ್ದರೆ ಸ್ಮಾರ್ಟ್, IS 13779 ಮಾತ್ರ ಇದ್ದರೆ ಸಾದಾ ಎಲೆಕ್ಟ್ರಾನಿಕ್. ಆದರೆ ಒಂದು ಫೋಟೋದಲ್ಲಿ ಫ್ಲ್ಯಾಶ್ ಬೆಳಕು ಸರಿಯಾಗಿ ಆ ಸಾಲನ್ನೇ ಅಳಿಸಿದೆ. ಕಾಣುವುದು ಎಲ್‌ಸಿಡಿ, ಒಂದು ಗುಂಡಿ, ಬಲಕ್ಕೆ ಮುಚ್ಚಳವಿರುವ ಚೌಕ ಭಾಗ. ಅದು ಸಂವಹನ ಮಾಡ್ಯೂಲಿನ ಜಾಗವೇ, ಬರೀ ಕವಚದ ವಿನ್ಯಾಸವೇ? ಪರದೆಯ ಮೂಲೆಯಲ್ಲಿ ಸಿಗ್ನಲ್ ಚಿಹ್ನೆ ಬೇರೆ ಪುಟದಲ್ಲಿ ಮಾತ್ರ ಬರುವ ಮಾದರಿಗಳಿವೆಯೇ?

ಇಂಥ ಮೀಟರಿನ ಚಿತ್ರವಿದ್ದವರು ಫ್ಲ್ಯಾಶ್ ಆರಿಸಿ, ಸ್ವಲ್ಪ ಓರೆಯಾಗಿ ನಿಂತು, ಪರದೆಯ ಪುಟ ಬದಲಾಗುವಾಗ ಎರಡು ಮೂರು ಫೋಟೋ ತೆಗೆದು ಹಾಕಿ. ಗ್ರಾಹಕ ಸಂಖ್ಯೆ ಮರೆಮಾಡಿ. ಸೀಲ್ ಇರುವ ಟರ್ಮಿನಲ್ ಮುಚ್ಚಳವನ್ನು ದಯವಿಟ್ಟು ಯಾರೂ ತೆಗೆಯಬೇಡಿ, ಒಳಗೆ ವಿದ್ಯುತ್ ಹರಿಯುತ್ತಿರುತ್ತದೆ.