ಪದಚರ್ಚೆ: Fit to width ಎಂಬುದಕ್ಕೆ ‘ಅಗಲಕ್ಕೆ ಹೊಂದಿಸು’ ಸಾಕೇ?

ಜಯನಗರದಿಂದ

ಎಲ್ಲರಿಗೂ ನಮಸ್ಕಾರ. ಕಚೇರಿ ಸಿಬ್ಬಂದಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಸ್ಪ್ರೆಡ್‌ಶೀಟನ್ನು ಪಿಡಿಎಫ್ ಮಾಡುವಾಗ ಬಲಗಡೆಯ ಕಾಲಂಗಳು ಬೇರೆ ಪುಟಕ್ಕೆ ಹಾರದಂತೆ ತಡೆಯುವ ಆಯ್ಕೆಗೆ ಕನ್ನಡದಲ್ಲಿ ಏನೆನ್ನೋಣ? ಗೂಗಲ್ ಶೀಟ್ಸ್‌ನಲ್ಲಿ ಅದು Fit to width, ಎಕ್ಸೆಲ್‌ನಲ್ಲಿ Fit All Columns on One Page. ಕರಡಿನಲ್ಲಿ ಎರಡಕ್ಕೂ ‘ಅಗಲಕ್ಕೆ ಹೊಂದಿಸು’ ಎಂದಿದೆ. ಓದಿದ ಇಬ್ಬರು ಇದನ್ನು ಕಾಲಂ ಗೆರೆ ಎಳೆದು ಅಗಲ ಸರಿಮಾಡುವ ಕೆಲಸ ಎಂದೇ ತಿಳಿದರು. ಜೊತೆಗೆ, Height ಎಂದಿರುವ ಕಡೆ ‘ಉದ್ದ’ ಬರೆಯಬೇಕೋ ‘ಎತ್ತರ’ ಬರೆಯಬೇಕೋ?

ಮಲ್ಲೇಶ್ವರದಿಂದ

ಇದಕ್ಕೆ ಹೊಸ ಪದ ಯಾಕೆ ಬೇಕು? ಪಿಡಿಎಫ್ ತೆರೆದ ಮೇಲೆ ಮೇಲ್ಗಡೆಯ ಪಟ್ಟಿಯಲ್ಲೇ ಇದೆಯಲ್ಲ, ಒತ್ತಿದರೆ ಪುಟ ಪರದೆಯ ತುಂಬ ಬರುತ್ತದೆ. ‘ಪರದೆಯಗಲ’ ಅಂತ ಹಾಕಿ ಮುಗಿಸಿ.

ಬಸವನಗುಡಿಯಿಂದ

ಮಲ್ಲೇಶ್ವರದವರು ಹೇಳುತ್ತಿರುವುದು ಬೇರೆ. ಅದು ನೋಡುವವರ ಕಣ್ಣಿಗೆ ಮಾತ್ರ. ಪಿಡಿಎಫ್ ಆಗುವಾಗಲೇ ಕಾಲಂಗಳು ಎರಡು ಪುಟಕ್ಕೆ ಹಂಚಿಹೋಗಿದ್ದರೆ, ತೆರೆದ ಮೇಲೆ ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಅವು ಒಂದಾಗುವುದಿಲ್ಲ. ಒಂದೇ ಇಂಗ್ಲಿಷ್ ಪದ ಎರಡು ಕಡೆ ಇರುವುದರಿಂದ ಆಗಿರುವ ಗೊಂದಲ ಇದು. ಹಾಗಾಗಿ ಕನ್ನಡದಲ್ಲಿ ಬರೀ ‘ಅಗಲ’ ಎನ್ನದೆ ಯಾವುದರ ಅಗಲ ಎಂದು ಹೇಳಲೇಬೇಕು. ಕಾಲಮ್ಮಿನ ಅಗಲವಲ್ಲ, ಪರದೆಯ ಅಗಲವೂ ಅಲ್ಲ, ಕಾಗದದ ಪುಟದ ಅಗಲ.

‘ಹೊಂದಿಸು’ ಪದದ ಮೇಲೂ ನನಗೆ ತಕರಾರಿದೆ. ಇಲ್ಲಿ ನಿಜವಾಗಿ ನಡೆಯುವುದು ಕುಗ್ಗಿಸುವ ಕೆಲಸ. ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಲೆಕ್ಕ ತೆಗೆದುಕೊಳ್ಳಿ. ಅಲ್ಲಿ ಮುಟ್ಟದೆ ಬಿಟ್ಟ ಕಾಲಮ್ಮಿನ ಅಗಲ ಸುಮಾರು 22.6 ಮಿ.ಮೀ. 14 ಕಾಲಂ ಇದ್ದರೆ ಒಟ್ಟು 316 ಮಿ.ಮೀ. ಎ4 ಕಾಗದದ ಅಗಲ 210. ಎರಡೂ ಬದಿ 20 ಮಿ.ಮೀ. ಅಂಚು ಬಿಟ್ಟರೆ ಬರೆಯಲು ಉಳಿಯುವುದು 170. ಅದರಲ್ಲಿ ಏಳು ಕಾಲಂ ಹಿಡಿಯುತ್ತವೆ, ಎಂಟನೆಯದು ಹಿಡಿಯದೆ ಮುಂದಿನ ಪುಟಕ್ಕೆ ಹೋಗುತ್ತದೆ. ಪುಟಕ್ಕಿಂತ ಅಗಲವಲ್ಲದ ಕಾಲಂ ನಡುವೆ ಸೀಳುವುದಿಲ್ಲ, ಇಡಿಯಾಗಿ ಹೋಗುತ್ತದೆ. ಹೆಸರು ಒಂದು ಪುಟದಲ್ಲಿ, ಮೊತ್ತ ಇನ್ನೊಂದರಲ್ಲಿ ಕಾಣುವುದು ಇದರಿಂದಲೇ.

ಇದೇ ಪಟ್ಟಿಯನ್ನು ಪುಟದಗಲಕ್ಕೆ ಕುಗ್ಗಿಸಿದರೆ 170 ಭಾಗಿಸು 316, ಅಂದರೆ ಸುಮಾರು 54%. ಹತ್ತು ಪಾಯಿಂಟಿನ ಅಕ್ಷರ ಐದೂವರೆಗೆ ಇಳಿಯುತ್ತದೆ. ಇಂಗ್ಲಿಷ್ ಅಂಕಿ ಹೇಗೋ ಓದಬಹುದು, ನಮ್ಮ ಒತ್ತಕ್ಷರಗಳು ಮಾತ್ರ ಕಲೆಸಿಹೋಗುತ್ತವೆ. ಅದಕ್ಕೇ ಮೊದಲು ಪುಟವನ್ನು ಅಡ್ಡ ಮಾಡಬೇಕು. ಆಗ 257 ಮಿ.ಮೀ. ಸಿಗುತ್ತದೆ, 81%, ಅಕ್ಷರ ಎಂಟು ಪಾಯಿಂಟ್. ಅಂಚನ್ನು 10 ಮಿ.ಮೀ.ಗೆ ಇಳಿಸಿದರೆ ಸುಮಾರು 88%. ಪುಟ ಅಡ್ಡ ಮಾಡದೆ ಈ ಆಯ್ಕೆಯೊಂದನ್ನೇ ಒತ್ತುವುದು ಅರ್ಧ ಕೆಲಸ ಎಂದು ಕೈಪಿಡಿಯಲ್ಲಿ ಬರೆಯಿರಿ.

ಹೆಜ್ಜೆಗಳಿಗೂ ಪದ ಬೇಕಾಗುತ್ತದೆಂದು ಹೇಳುತ್ತಿದ್ದೇನೆ. ಕ್ಯಾಲ್ಕ್‌ನಲ್ಲಿ Format → Page Style ತೆರೆದು, Page ಎಂಬಲ್ಲಿ Landscape ಆಯ್ದು, Sheet ಎಂಬಲ್ಲಿ Scaling mode ನೋಡಿ. width/height ಎಂದು ಕೊನೆಗೊಳ್ಳುವ ಆಯ್ಕೆ ಇದೆ. ಕೆಲವು ಆವೃತ್ತಿಗಳಲ್ಲಿ ಅದು Fit ಎಂದೂ ಕೆಲವಲ್ಲಿ Shrink ಎಂದೂ ಶುರುವಾಗುತ್ತದೆ. ಅಗಲಕ್ಕೆ 1 ಹಾಕಿ, ಇನ್ನೊಂದು ಪೆಟ್ಟಿಗೆಯನ್ನು ಖಾಲಿ ಬಿಡಿ. ಎಕ್ಸೆಲ್‌ನಲ್ಲಿ Page Layout ಎಂಬಲ್ಲಿ Width ಎದುರು 1 page, Height ಎದುರು Automatic.

ರಾಜಾಜಿನಗರದಿಂದ

ಇಷ್ಟೆಲ್ಲ ಯಾಕೆ ಸರ್? ಎಕ್ಸೆಲ್‌ನಲ್ಲಿ Fit Sheet on One Page ಒತ್ತಿದರೆ ಕಾಲಂಗಳೂ ಒಂದೇ ಪುಟದಲ್ಲಿ ಬರುತ್ತವೆ. ‘ಹಾಳೆಯನ್ನು ಒಂದು ಪುಟಕ್ಕೆ ಕೂರಿಸು’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ಬಸವನಗುಡಿಯಿಂದ

ಇಪ್ಪತ್ತು ಮೂವತ್ತು ಸಾಲಿನ ಪಟ್ಟಿಗೆ ನಿಮ್ಮ ಮಾತು ಸರಿ. 120 ಸಾಲು ಇದ್ದರೆ? ಸಾಲಿಗೆ 5 ಮಿ.ಮೀ. ಹಿಡಿದರೆ 600 ಮಿ.ಮೀ. ಅಡ್ಡ ಪುಟದಲ್ಲಿ ಮೇಲಿಂದ ಕೆಳಕ್ಕೆ ಇರುವುದು 170. ಆಗ ಇಡೀ ಪಟ್ಟಿ 28%ಗೆ ಕುಗ್ಗಿ, ಪುಟದ ಒಂದು ಮೂಲೆಯಲ್ಲಿ ಸಣ್ಣ ಪಟ್ಟೆಯಂತೆ ಕೂರುತ್ತದೆ, ಬಲಗಡೆ ಬಿಳಿ ಜಾಗ ಹಾಗೇ ಉಳಿಯುತ್ತದೆ. ಬಲಗಡೆ ಜಾಗ ಖಾಲಿ, ಅಕ್ಷರ ಮಾತ್ರ ಇರುವೆ ಸಾಲು ಎಂದು ಕಂಡರೆ ಈ ಆಯ್ಕೆ ತಪ್ಪಿ ಬಿದ್ದಿದೆ ಎಂದೇ ಅರ್ಥ. ಅಗಲಕ್ಕೆ ಮಾತ್ರ ಕುಗ್ಗಿಸಿದ್ದರೆ ಅದೇ ಪಟ್ಟಿ ಮೂರು ನಾಲ್ಕು ಪುಟಕ್ಕೆ ಹರಿದು ಓದಲು ಬರುತ್ತಿತ್ತು.

ಇನ್ನು ‘ಹಾಳೆ’ ಪದ. ವರ್ಕ್‌ಶೀಟೂ ಹಾಳೆ, ಕಾಗದವೂ ಹಾಳೆ! ‘ಹಾಳೆಯನ್ನು ಒಂದು ಹಾಳೆಗೆ ಕೂರಿಸು’ ಎಂದು ಯಾರಾದರೂ ಬರೆಯುವ ದಿನ ದೂರವಿಲ್ಲ. ಪರದೆಯ ಮೇಲಿನದಕ್ಕೆ ಶೀಟ್ ಎಂದೇ ಇಟ್ಟು, ಮುದ್ರಣದ್ದಕ್ಕೆ ಪುಟ ಎನ್ನುವುದು ಕ್ಷೇಮ.

ಅವೆನ್ಯೂ ರಸ್ತೆಯ ಮುದ್ರಣದಂಗಡಿಯಿಂದ

ನಮ್ಮಲ್ಲಿ ‘ಕುಗ್ಗಿಸು’ ಅಂತ ಯಾರೂ ಕೇಳಲ್ಲ. ‘ಅಗಲ ಒಂದೇ ಪೇಜಲ್ಲಿ ಹಿಡಿಸಿಕೊಡಿ, ಉದ್ದ ಎಷ್ಟಾದ್ರೂ ಹೋಗ್ಲಿ’ ಅಂತಾರೆ. ‘ಹಿಡಿಸು’ ಒಳ್ಳೆ ಪದ ಅಲ್ವಾ? ನಮ್ಮ ತೊಂದರೆ ಒಂದು ಹೇಳ್ತೀನಿ. ಒಂಬತ್ತೇ ಕಾಲಂ ಇರೋ ಪಟ್ಟಿ, ಎಲ್ಲ ಸರಿಯಾಗಿ ಆಯ್ದಿರ್ತಾರೆ, ಆದರೂ ಅಕ್ಷರ ಕಣ್ಣಿಗೇ ಕಾಣಲ್ಲ. ಇದಕ್ಕೇನು ಕಾರಣ?

ಬಸವನಗುಡಿಯಿಂದ

ದೂರದ ಯಾವುದೋ ಕೋಶದಲ್ಲಿ ಒಂದು ಚುಕ್ಕೆಯೋ ಖಾಲಿ ಜಾಗದ ಅಕ್ಷರವೋ ಬಿದ್ದಿರುತ್ತದೆ. Z ಕಾಲಮ್ಮಿನಲ್ಲಿ ಒಂದು ಚುಕ್ಕೆ ಇದ್ದರೂ 26 ಕಾಲಂ ಇದ್ದಂತೆ ಲೆಕ್ಕ, 587 ಮಿ.ಮೀ. ಅಡ್ಡ ಪುಟಕ್ಕೂ 44%. `Ctrl+End` ಒತ್ತಿ, ಕರ್ಸರ್ ಪಟ್ಟಿಯ ಕೊನೆ ಬಿಟ್ಟು ಎಲ್ಲಿಗೋ ಹಾರಿದರೆ ಕಾರಣ ಸಿಕ್ಕಿತು. ಪಟ್ಟಿಯನ್ನಷ್ಟೇ ಆಯ್ದು, ಕ್ಯಾಲ್ಕ್‌ನಲ್ಲಿ Format → Print Ranges → Define, ಎಕ್ಸೆಲ್‌ನಲ್ಲಿ Print Area → Set Print Area ಕೊಟ್ಟರೆ ಆ ಚುಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ‘ಮುದ್ರಣ ವ್ಯಾಪ್ತಿ’ ಎನ್ನಬಹುದು.

‘ಹಿಡಿಸು’ ನನಗೂ ಇಷ್ಟವಾಯಿತು. ಎಕ್ಸೆಲ್‌ನ ಈ ಆಯ್ಕೆ ನಾಲ್ಕು ಕಾಲಮ್ಮಿನ ಸಣ್ಣ ಪಟ್ಟಿಯನ್ನು ಹಿಗ್ಗಿಸಿ ಪುಟ ತುಂಬಿಸುವುದಿಲ್ಲ, ಇದ್ದ ಹಾಗೇ ಬಿಡುತ್ತದೆ. ಡಬ್ಬದಲ್ಲಿ ಅಕ್ಕಿ ಹಿಡಿಸಿದಂತೆ, ಡಬ್ಬ ತುಂಬಲೇಬೇಕೆಂದಿಲ್ಲ. ‘ಹೊಂದಿಸು’ ಎಂದರೆ ತುಂಬುತ್ತದೆಂಬ ಭ್ರಮೆ ಬರುತ್ತದೆ.

ರಾಜಾಜಿನಗರದಿಂದ

ಒಪ್ಪಿದೆ, ಆದರೆ ‘ನನಗೆ ಆ ಊಟ ಹಿಡಿಸಲಿಲ್ಲ’ ಎನ್ನುವಾಗಿನ ‘ಹಿಡಿಸು’ ಬೇರೆ. ಮೆನುವಿನಲ್ಲಿ ಒಂಟಿಯಾಗಿ ನಿಂತರೆ ನಗು ಬರುತ್ತದೆ. ಇನ್ನು ಉದ್ದವೋ ಎತ್ತರವೋ? ಕಾಗದಕ್ಕೆ ಯಾರೂ ಎತ್ತರ ಎನ್ನುವುದಿಲ್ಲ.

ಬಸವನಗುಡಿಯಿಂದ

ಅಂಗಡಿ ಮಾತಿಗೆ ಉದ್ದವೇ ಸರಿ. ಕೈಪಿಡಿಗೆ ತೊಡಕು. ಪುಟವನ್ನು ಅಡ್ಡ ಮಾಡಿದ ಕೂಡಲೇ 297ರ ಬದಿ ಎಡದಿಂದ ಬಲಕ್ಕೆ ಮಲಗುತ್ತದೆ, ಜನ ಅದನ್ನೇ ‘ಉದ್ದದ ಕಡೆ’ ಎನ್ನುತ್ತಾರೆ. ‘ಉದ್ದದ ಪೆಟ್ಟಿಗೆ ಖಾಲಿ ಬಿಡಿ’ ಎಂದರೆ ಅಗಲದ ಪೆಟ್ಟಿಗೆ ಅಳಿಸಿಬಿಟ್ಟಾರು, ಅಲ್ಲಿಗೆ ಕಾಲಂಗಳು ಮತ್ತೆ ಚೆದುರಿದವು. ಸಾಲಿಗೆ ಹೇಗೂ ‘ಸಾಲಿನ ಎತ್ತರ’ ಎನ್ನುತ್ತೇವೆ, ಅದೇ ಇರಲಿ.

ಜಯನಗರದಿಂದ

ಎಲ್ಲರಿಗೂ ಧನ್ಯವಾದ. ಆಯ್ಕೆಯ ಹೆಸರು ‘ಕಾಲಂಗಳನ್ನು ಪುಟದಗಲದಲ್ಲಿ ಹಿಡಿಸು’ ಎಂದು ಬದಲಿಸಿದೆ. ಕರ್ಮಪದ ಜೊತೆಗಿರುವುದರಿಂದ ಊಟದ ನೆನಪು ಬಾರದು. ಶೀಟ್, ಪುಟ ಬೇರೆ ಬೇರೆ ಇಟ್ಟಿದ್ದೇನೆ. ಎತ್ತರಕ್ಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಸದ್ಯ ‘ಮೇಲಿಂದ ಕೆಳಕ್ಕೆ ಎಷ್ಟು ಪುಟ’ ಎಂದು ಬಿಡಿಸಿ ಬರೆದಿದ್ದೇನೆ, ಪೆಟ್ಟಿಗೆಯ ಪಕ್ಕ ಅದು ಹಿಡಿಯುತ್ತಿಲ್ಲ. ಚಿಕ್ಕ ಪದ ಹೊಳೆದರೆ ತಿಳಿಸಿ.