ಪದಚರ್ಚೆ: ಕಾರ್ನೋ ನಕ್ಷೆಯ ‘ಡೋಂಟ್ ಕೇರ್’ಗೆ ‘ಅಮಾನ್ಯ’ ಎನ್ನಬಹುದೇ?

ತುಮಕೂರಿನಿಂದ, ಉಪನ್ಯಾಸಕಿ:

ಮಾನ್ಯರೇ, ನಮ್ಮ ಡಿಪ್ಲೊಮಾ ತರಗತಿಯ ಡಿಜಿಟಲ್ ಪ್ರಯೋಗಾಲಯದ ಕನ್ನಡ ಕೈಪಿಡಿ ಸೋಮವಾರ ಮುದ್ರಣಕ್ಕೆ ಹೋಗಬೇಕಿದೆ. ಬೈನರಿಯಿಂದ ಗ್ರೇ ಸಂಕೇತ ಪಡೆಯುವ ಪ್ರಯೋಗದಲ್ಲಿ ತೊಡಕಿಲ್ಲ, ಏಕೆಂದರೆ ನಾಲ್ಕು ಬಿಟ್‌ಗಳ ಹದಿನಾರು ಜೋಡಣೆಗಳಿಗೂ ನಿಶ್ಚಿತ ಉತ್ತರವಿದೆ. 0ರಿಂದ 9ರವರೆಗಿನ ಅಂಕಿಗಳಷ್ಟೇ ಇರುವ ಬಿಸಿಡಿಯಿಂದ, ಪ್ರತಿ ಅಂಕಿಗೂ ಮೂರು ಕೂಡಿಸಿ ಬರೆಯುವ ಎಕ್ಸೆಸ್-ಮೂರಕ್ಕೆ ಹೋಗುವಾಗ ಮಾತ್ರ ನಕ್ಷೆಯಲ್ಲಿ 1010ರಿಂದ 1111ರವರೆಗಿನ ಆರು ಮನೆಗಳಲ್ಲಿ ‘ಡೋಂಟ್ ಕೇರ್’ ಎಂದು X ಬರೆಯುತ್ತೇವೆ. ಕರಡಿನಲ್ಲಿ ಇದಕ್ಕೆ ‘ಅಮಾನ್ಯ ಸ್ಥಿತಿ’ ಎಂದಿದೆ. ಅದನ್ನು ಓದಿದ ವಿದ್ಯಾರ್ಥಿಗಳು ಸ್ವಿಚ್‌ಗಳನ್ನು 1101ಕ್ಕೆ ಇಟ್ಟಾಗ ದೀಪಗಳೆಲ್ಲ ಆರಿರಬೇಕೆಂದು ನಿರೀಕ್ಷಿಸುತ್ತಾರೆ. ಎಲ್‌ಇಡಿಗಳು 1000 ತೋರಿಸಿದರೆ ಜೋಡಣೆಯೇ ತಪ್ಪಿದೆಯೆಂದು ತಂತಿಗಳನ್ನು ಕಿತ್ತುಹಾಕುತ್ತಾರೆ. ಈ ಗೊಂದಲ ಹುಟ್ಟಿಸದ ಪದವೊಂದು ಬೇಕಾಗಿದೆ.

ಚಿಂತಾಮಣಿಯಿಂದ:

ನಾನು ಕಚೇರಿಯ ಅರ್ಜಿ ನಮೂನೆಗಳನ್ನು ಅನುವಾದಿಸುವವನು. ತುಂಬಬೇಕಿಲ್ಲದ ಅಂಕಣಕ್ಕೆ ನಾವು ‘ಅನ್ವಯಿಸುವುದಿಲ್ಲ’ ಎಂದೇ ಬರೆಯುತ್ತೇವೆ, ಜನರಿಗೂ ಅದು ರೂಢಿಯಾಗಿದೆ. ಇಲ್ಲಿಯೂ ಅದನ್ನೇ ಬಳಸಬಹುದು. ಜೊತೆಗೆ ‘ಗ್ರೇ ಸಂಕೇತ’ವನ್ನು ‘ಬೂದು ಸಂಕೇತ’ ಎಂದು ತಿದ್ದಿಕೊಳ್ಳುವುದು ಒಳ್ಳೆಯದು.

ಕೋಲಾರದಿಂದ:

‘ಅಮಾನ್ಯ’ವೂ ಬೇಡ, ‘ಅನ್ವಯಿಸುವುದಿಲ್ಲ’ವೂ ಬೇಡ. ‘ಅದರ ಗೊಡವೆ ನಮಗೇಕೆ’ ಎಂದು ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುವ ಮಾತಿದೆ. ‘ಗೊಡವೆಯಿಲ್ಲದ ಮನೆ’ ಎನ್ನಿ. ಅಚ್ಚಗನ್ನಡ ಕೈಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವಿಲ್ಲ.

ಚಿಕ್ಕಬಳ್ಳಾಪುರದಿಂದ, ನಿವೃತ್ತ ಎಂಜಿನಿಯರ್:

ಬೂದು ಎಂಬುದು ಖಂಡಿತ ಕೂಡದು. ಗ್ರೇ ಎಂಬುದು ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಅವರ ಹೆಸರು. 1953ರಲ್ಲಿ ದೊರೆತ ತಮ್ಮ ಪೇಟೆಂಟಿನಲ್ಲಿ ಅವರು ಅದನ್ನು ಪ್ರತಿಫಲಿತ ಬೈನರಿ ಸಂಕೇತ ಎಂಬರ್ಥದ ಮಾತಿನಲ್ಲೇ ಕರೆದಿದ್ದಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. X ಬರೆದ ಮನೆ ಖಾಲಿ ಉಳಿಯುವುದಿಲ್ಲ. ಗುಂಪು ಕಟ್ಟುವಾಗ ಅದನ್ನು ಒಳಗೆ ಸೇರಿಸಿಕೊಂಡರೆ 1 ಆಗುತ್ತದೆ, ಹೊರಗೆ ಬಿಟ್ಟರೆ 0 ಆಗುತ್ತದೆ. ಒಳಬರುವ ಬಿಟ್‌ಗಳು ಎಡದಿಂದ A, B, C, D, ಉತ್ತರಗಳು w, x, y, z ಆಗಿರಲಿ. ಅತಿ ಎಡದ ಉತ್ತರ w ಅನ್ನೇ ತೆಗೆದುಕೊಳ್ಳಿ. ಅದು 5ರಿಂದ 9ರವರೆಗೆ 1. ಆರು ಮನೆಗಳಲ್ಲೂ 0 ಎಂದು ಹಟ ಹಿಡಿದರೆ ಮೊದಲ ಸಾಲು ಬರುತ್ತದೆ, X ಎಂದು ಬಿಟ್ಟರೆ ಎರಡನೆಯದು:

```
w = A'BC + A'BD + AB'C'
w = A + BC + BD = A + B(C+D)
x = B ⊕ (C+D)
z = D'
y = C ⊕ z
```

w ಮತ್ತು x ಎರಡಕ್ಕೂ C+D ಒಂದೇ ಗೇಟಿನಿಂದ ಸಿಗುತ್ತದೆ. ಉತ್ತರಕ್ಕೊಂದರಂತೆ ಬಿಡಿಸಿದ ನಕ್ಷೆ ಈ ಹಂಚಿಕೆಯನ್ನು ತಾನಾಗಿ ತೋರಿಸುವುದಿಲ್ಲ, ಸಮೀಕರಣಗಳನ್ನು ಅಕ್ಕಪಕ್ಕ ಇಟ್ಟು ಹುಡುಕಬೇಕು. 7486ರ ಒಂದು ಗೇಟಿನ ಒಂದು ಒಳದಾರಿಯನ್ನು ಐದು ವೋಲ್ಟಿಗೆ ಕಟ್ಟಿದರೆ ಅದೇ D'ಅನ್ನೂ ಕೊಡುವುದರಿಂದ ಬೇರೆ ಇನ್ವರ್ಟರ್ ಬೇಕಿಲ್ಲ. 7486, 7432, 7408 ಒಂದೊಂದಿದ್ದರೆ ಸಾಕು.

ಈಗ 1101 ಹಾಕಿ ನೋಡಿ: A ಒಂದಾದ್ದರಿಂದ w ಒಂದು, ಉಳಿದ ಮೂರೂ ಸೊನ್ನೆ. ಹಾಗಾಗಿ ನಿಮ್ಮ ವಿದ್ಯಾರ್ಥಿಗಳು ಕಂಡ 1000 ಸರಿಯಾದ ಜೋಡಣೆಯದೇ ಫಲ. ಅಪಾಯವೆಂದರೆ ಅದು 5ರ ಸಂಕೇತವೂ ಹೌದು. ಹಾಗೆಯೇ 1110 ಕೊಟ್ಟರೆ 6ರ ಸಂಕೇತ, 1111 ಕೊಟ್ಟರೆ 7ರ ಸಂಕೇತ ಹೊರಬರುತ್ತದೆ. ಉತ್ತರವನ್ನಷ್ಟೇ ನೋಡಿದವರಿಗೆ ತಪ್ಪು ಗೊತ್ತಾಗುವುದಿಲ್ಲ. ಒಳಬರುವ ಕಡೆ 7490 ಎಣಿಕೆಯಂತ್ರವಿದ್ದರೆ ಎಣಿಕೆ 9 ದಾಟುವುದೇ ಇಲ್ಲ. ಅದರ ಜಾಗದಲ್ಲಿ ಯಾರಾದರೂ 7493 ಚುಚ್ಚಿದರೆ ಅದು 15ರವರೆಗೆ ಎಣಿಸುತ್ತದೆ, ಆಗ ಈ ಸುಳ್ಳು ಅಂಕಿಗಳು ನಿಜವಾಗಿ ಹೊರಬರುತ್ತವೆ. ಆದ್ದರಿಂದ ‘ಗೊಡವೆಯಿಲ್ಲದ’ ಎಂಬುದನ್ನು ನಾನು ಒಪ್ಪಲಾರೆ. ಆ ಆರು ಜೋಡಣೆಗಳು ಬಾರದಂತೆ ನೋಡಿಕೊಳ್ಳುವ ಗೊಡವೆ ವಿನ್ಯಾಸಕನಿಗೆ ಇದ್ದೇ ಇದೆ. ‘ಐಚ್ಛಿಕ’ ಎನ್ನಿ.

ಕೋಲಾರದಿಂದ:

‘ಐಚ್ಛಿಕ’ ಎಂದರೆ ಮಕ್ಕಳಿಗೆ ನೆನಪಾಗುವುದು ಪರೀಕ್ಷೆಯ ಐಚ್ಛಿಕ ವಿಷಯ. ಸರ್ಕಿಟ್ಟು ನಿಮ್ಮದು, ಮಾತು ನಮ್ಮೆಲ್ಲರದು. ಬಸ್ಸು, ಸ್ವಿಚ್ಚು ಕನ್ನಡವಾದ ಮೇಲೆ ‘ಡೋಂಟ್ ಕೇರ್’ ಕೂಡ ಆಗಲಿ ಎಂದರೆ ನಾನು ಒಪ್ಪಿಯೇನು, ಆದರೆ ಒಂದು ಎರವಲಿನ ಬದಲು ಇನ್ನೊಂದು ಎರವಲನ್ನು ಕನ್ನಡವೆಂದು ಕೊಡಬೇಡಿ.

ಚಿಕ್ಕಬಳ್ಳಾಪುರದಿಂದ:

ಸಂಸ್ಕೃತವನ್ನು ಎರವಲೆಂದು ತಳ್ಳಿದರೆ ನಿಮ್ಮ ಪತ್ರದಲ್ಲಿ ‘ಪರೀಕ್ಷೆ’ ಮತ್ತು ‘ವಿಷಯ’ ಕೂಡ ಉಳಿಯುವುದಿಲ್ಲ.

ತುಮಕೂರಿನಿಂದ:

ಇಬ್ಬರಿಗೂ ವಂದನೆಗಳು. ಈ ಮುದ್ರಣದಲ್ಲಿ ‘ಡೋಂಟ್ ಕೇರ್’ ಎಂದೇ ಉಳಿಸಿ, ‘ಅಮಾನ್ಯ’ವನ್ನು ಒಳಬರುವ ಜೋಡಣೆಗೆ ಮಾತ್ರ ಬಳಸುತ್ತೇನೆ, ಕೋಷ್ಟಕದ ಕೆಳಗೆ 1101 ಕೊಟ್ಟರೆ 1000 ಬರುವುದು ಸಹಜವೆಂದೂ, ಅದನ್ನು 5 ಎಂದು ಓದಬಾರದೆಂದೂ ಸೇರಿಸುತ್ತೇನೆ. ಉತ್ತರದ ಮನೆಯಲ್ಲಿ ನಮಗಿರುವ ಆಯ್ಕೆಯ ಸ್ವಾತಂತ್ರ್ಯವನ್ನು ಹೇಳುವ ಪದ ಇನ್ನೂ ಸಿಕ್ಕಿಲ್ಲ. ಹೊಳೆದವರು ಭಾನುವಾರ ಸಂಜೆಯೊಳಗೆ ಬರೆಯಬೇಕೆಂದು ಕೋರುತ್ತೇನೆ.